ಪದಚರ್ಚೆ: ದಿನವಿಡೀ ಬೆಳೆಯುವ ಸುದ್ದಿಪುಟದ ತಲೆಬರಹದಲ್ಲಿ ‘ಇಂದು’, ‘ನಾಳೆ’, ‘ಲೈವ್’

ಭಾಗ್ಯಶ್ರೀ, ಕಲಬುರಗಿ

ಎಲ್ಲರಿಗೂ ಶರಣು. ಪದದ ಪ್ರಶ್ನೆಯೇ, ಆದರೆ ಸ್ವಲ್ಪ ಹಿನ್ನೆಲೆ ಹೇಳದಿದ್ದರೆ ಆಗುವುದಿಲ್ಲ.

ನಾನು ಇಲ್ಲಿಯ ಒಂದು ಸಣ್ಣ ಸುದ್ದಿ ಜಾಲತಾಣದ ಡೆಸ್ಕ್‌ನಲ್ಲಿದ್ದೇನೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್‌ನಲ್ಲೂ ಗೇಟ್ ಎತ್ತುತ್ತಾರೆ. ಅಂಥ ದಿನ ನಾವು ಬೆಳಿಗ್ಗೆ ಒಂದೇ ಪುಟ ತೆರೆದು ರಾತ್ರಿಯವರೆಗೂ ಅದಕ್ಕೇ ಸುದ್ದಿ ಸೇರಿಸುತ್ತ ಹೋಗುತ್ತೇವೆ. ಹೋದ ಮಳೆಗಾಲದ ಒಂದು ಬೆಳಿಗ್ಗೆ ಆರೂವರೆಗೆ ನಾನು ಕೊಟ್ಟ ತಲೆಬರಹ ಹೀಗಿತ್ತು: ‘ಭೀಮಾ ನದಿಗೆ ಇಂದು 1 ಲಕ್ಷ ಕ್ಯುಸೆಕ್ ನೀರು ಬಿಡುಗಡೆ: ನೇರಪ್ರಸಾರ’.

ಹನ್ನೊಂದಕ್ಕೆಲ್ಲ ಆ ಅಂಕಿ ಹಳೆಯದಾಯಿತು. ಮಧ್ಯಾಹ್ನ ಎರಡಕ್ಕೆ ಒಂದು ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತಿತು. ಪ್ರತಿ ಸಲವೂ ನಾನು ತಲೆಬರಹ ತಿದ್ದಿದ್ದೇನೆ. ಆದರೂ ನಾಲ್ಕು ಗಂಟೆಗೆ ನಮ್ಮ ಕಾಕಾ ಊರಿಂದ ಫೋನ್ ಮಾಡಿ, “ಗೂಗಲ್‌ನಾಗ ನಿಮ್ದೇ ಸುದ್ದಿ ನೋಡೀನಿ, ಒಂದೇ ಲಕ್ಷ ಅದಂತಲ್ಲ, ಸೇತುವೆ ದಾಟಬಹುದೇನವ್ವಾ?” ಅಂದರು. ಅವರ ಮೊಬೈಲ್‌ನಲ್ಲಿ ಬೆಳಗಿನ ತಲೆಬರಹವೇ ಇತ್ತು. ಮರುದಿನವೂ ಇತ್ತು, ಅದೇ ‘ಇಂದು’ ಸಮೇತ.

ಹಾಗಾಗಿ ಕೇಳುತ್ತಿದ್ದೇನೆ: ದಿನ ಕಳೆದರೂ ಸುಳ್ಳಾಗದ ಹಾಗೆ ಬರೆಯಲು ‘ಇಂದು’, ‘ಇದೀಗ’ಗಳ ಜಾಗದಲ್ಲಿ ಏನು ಬಳಸಬೇಕು? ಬರಹದಲ್ಲೇ ಸುದ್ದಿ ಕೊಡುವ ಪುಟಕ್ಕೆ ‘ನೇರಪ್ರಸಾರ’ ಅನ್ನಬಹುದೇ?

ಬಸವರಾಜ, ಆಳಂದ

ಮೇಡಂ, ‘ತಲೆಬರಹ’ಕ್ಕಿಂತ ‘ಶೀರ್ಷಿಕೆ’ ಮೇಲು. ‘ತಲೆಬರಹ’ ಅಂದರೆ ನಮ್ಮ ಕಡೆ ಹಣೆಬರಹ ಅಂದುಕೊಳ್ಳುತ್ತಾರೆ. ಪ್ರಶ್ನೆ ಇದೇ ಅಲ್ಲವೇ?

ವೀರಭದ್ರಪ್ಪ, ಸೇಡಂ

ಬಸವರಾಜ ಅವರೇ, ಪ್ರಶ್ನೆ ಅದಲ್ಲ. ಆದರೆ ಕೆಲವು ಪುಟಗಳ ಮಟ್ಟಿಗೆ ಹಣೆಬರಹವೂ ಸರಿಯೇ.

ತಂಗಿ ಭಾಗ್ಯಶ್ರೀ, ಮೂವತ್ತು ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವನು ನಾನು. ನಿನ್ನ ತೊಂದರೆಯ ಅರ್ಧ ‘ಇಂದು’ವಿನಲ್ಲಿದೆ, ಇನ್ನರ್ಧ ಕ್ರಿಯಾಪದದಲ್ಲಿದೆ. ‘ಭೀಮೆಯ ನೀರು ಏರುತ್ತಿದೆ’ ಅಂದರೆ ಓದುವವನ ಈ ಕ್ಷಣದಲ್ಲೇ ಏರುತ್ತಿರಬೇಕು, ಇಲ್ಲದಿದ್ದರೆ ಸುಳ್ಳು. ‘ಏರಿದೆ’ ಅಂದರೂ ಏರಿದ್ದು ಇನ್ನೂ ಇಳಿದಿಲ್ಲ ಎಂಬ ಧ್ವನಿ ಇದೆ. ‘ಭೀಮೆಯಲ್ಲಿ ನೀರಿನ ಮಟ್ಟ ಏರಿಕೆ’ ಅಂದುಬಿಡು. ನಾಮಪದಕ್ಕೆ ಕಾಲವೇ ಇಲ್ಲ. ಪತ್ರಿಕೆಯವರು ಕ್ರಿಯಾಪದ ನುಂಗುವುದು ಜಾಗ ಉಳಿಸಲು ಮಾತ್ರ ಅಂತ ಜನ ತಿಳಿದಿದ್ದಾರೆ. ರಾತ್ರಿ ಬರೆದದ್ದು ಬೆಳಿಗ್ಗೆ ಓದಿದಾಗಲೂ ನಿಲ್ಲಬೇಕು ಅನ್ನುವುದೂ ಅದಕ್ಕೆ ಕಾರಣ.

‘ನೇರಪ್ರಸಾರ’ ಬೇಡವೇ ಬೇಡ. ಅದು ಆಕಾಶವಾಣಿ, ಟಿವಿಯ ಮಾತು. ‘ಲೈವ್’ ಕೂಡ ಬೇಡ. ‘ತಾಸು ತಾಸಿನ ವರದಿ’ ಅನ್ನು. ನಮ್ಮ ಕಡೆ ಗಂಟೆಗೆ ತಾಸು ಅಂತಲೇ ಅಲ್ಲವೇ ಅನ್ನುವುದು.

ಇನ್ನು ಹಳೆಯ ತಲೆಬರಹ ಅಂಟಿಕೊಂಡ ವಿಷಯಕ್ಕೆ ಸುಲಭದ ದಾರಿ ಇದೆ. ಅಂಕಿ ಬದಲಾದಾಗೆಲ್ಲ ಹೊಸ ಪುಟ, ಹೊಸ ತಲೆಬರಹ ಕೊಡು. ಹಳೆಯದು ಹಿಂದೆ ಬೀಳುತ್ತದೆ.

ಶಿವಲೀಲಾ, ಯಾದಗಿರಿ

ನನಗೆ ಗೂಗಲ್ ವ್ಯವಹಾರ ಗೊತ್ತಿಲ್ಲ, ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಆದರೆ ‘ನಾಳೆ’ ಅನ್ನುವ ಪದ ಮಾಡಿದ ಕೆಲಸ ಹೇಳುತ್ತೇನೆ. ಒಂದು ಮಳೆಗಾಲ ‘ಭಾರಿ ಮಳೆ: ನಾಳೆ ಶಾಲೆಗಳಿಗೆ ರಜೆ’ ಅಂತ ಒಂದು ತಾಣದ ಲಿಂಕ್ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಬಂತು. ರಜೆ ಇದ್ದದ್ದು ಆ ಮರುದಿನ. ಯಾರೋ ಅದನ್ನೇ ರಜೆಯ ದಿನ ಸಂಜೆ ಮತ್ತೊಂದು ಗುಂಪಿಗೆ ಕಳಿಸಿದರು. ಅದರ ಮರುದಿನ ನನ್ನ ತರಗತಿಗೆ ಬಂದವರು ಏಳು ಮಕ್ಕಳು. ಪಾಲಕರನ್ನು ಕೇಳಿದರೆ, “ಟೀಚರ್, ನಾಳೆ ಅಂತ ಬರದಾರಲ್ಲ!” ಅಂದರು. ಒಳಗೆ ತೆರೆದು ನೋಡಿದರೆ ತಾರೀಖು ಇತ್ತು. ಯಾರೂ ತೆರೆಯಲಿಲ್ಲ, ತಲೆಬರಹ ಓದಿದರು, ಮಕ್ಕಳನ್ನು ಮನೆಯಲ್ಲಿ ಕೂಡಿಸಿಕೊಂಡರು.

ಹಿಂದೆ ಊರೂರಲ್ಲಿ ದೆವ್ವಕ್ಕಾಗಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನೆನಪಾಯಿತು. ಅಲ್ಲಿ ‘ನಾಳೆ’ ಎಂದೂ ಬರಬಾರದು ಅಂತಲೇ ಬರೆಯುತ್ತಿದ್ದರು.

ಅಸ್ಲಂ, ಬೀದರ್

ನಾನು ಸುದ್ದಿ ತಾಣಗಳಿಗೆ ವೆಬ್ ಕೆಲಸ ಮಾಡಿಕೊಡುವವನು. ಭಾಗ್ಯಶ್ರೀ ಮೇಡಂ, ನೀವು ‘ಪ್ರತಿ ಸಲವೂ ತಿದ್ದಿದೆ’ ಅಂದಿರಲ್ಲ, ಯಾವುದನ್ನು ತಿದ್ದಿದಿರಿ ಅನ್ನುವುದೇ ಮುಖ್ಯ. ಒಂದು ಪುಟಕ್ಕೆ ತಲೆಬರಹ ಒಂದಲ್ಲ, ಮೂರು. ಓದುಗರಿಗೆ ಪುಟದಲ್ಲಿ ದೊಡ್ಡದಾಗಿ ಕಾಣುವುದು `h1`. ಪುಟದೊಳಗೆ ಕಾಣದ, ಹುಡುಕಾಟಕ್ಕಾಗಿ ಇರುವುದು `title`. ವಾಟ್ಸ್ಆ್ಯಪ್, ಫೇಸ್‌ಬುಕ್‌ನವರು ಎತ್ತಿಕೊಳ್ಳುವುದು `og:title`. ಅನೇಕ ತಾಣಗಳಲ್ಲಿ ಈ `title` ತುಂಬಲು ‘ಎಸ್‌ಇಒ ಟೈಟಲ್’ ಅಂತ ಬೇರೆ ಡಬ್ಬಿ ಇರುತ್ತದೆ. ಬೆಳಿಗ್ಗೆ ಒಮ್ಮೆ ತುಂಬಿದರೆ ಮುಗಿಯಿತು, ಮೇಲಿನ ತಲೆಬರಹ ಹತ್ತು ಸಲ ತಿದ್ದಿದರೂ ಅದು ಕದಲುವುದಿಲ್ಲ. ಬ್ರೌಸರ್‌ನಲ್ಲಿ ಪುಟದ ಮೂಲ ತೆರೆದು `<title>` ಹುಡುಕಿ ನೋಡಿ, ಗೊತ್ತಾಗುತ್ತದೆ.

ಗೂಗಲ್ ಬಹುಪಾಲು `title` ಅನ್ನೇ ತೋರಿಸುತ್ತದೆ. 2021ರಲ್ಲಿ ತಾನು ತಲೆಬರಹ ಆರಿಸುವ ರೀತಿ ಬದಲಿಸಿದ ಮೇಲೆ, ಶೇ 87ರಷ್ಟು ಸಲ ಹಾಗೆ ಮಾಡುತ್ತೇನೆ ಎಂದು ತಾನೇ ಹೇಳಿತ್ತು. ಉಳಿದ ಸಲ `h1` ಅಥವಾ ಪುಟದ ಬೇರೆ ಮಾತನ್ನು ಎತ್ತಿಕೊಳ್ಳುತ್ತದೆ. `title` ಹಳತಾಗಿದೆ, `h1` ಹೊಸದು ಅಂತ ಕಂಡರೆ ಹಾಗೆ ಮಾಡುವ ಸಾಧ್ಯತೆ ಹೆಚ್ಚು. ಎರಡೂ ಬೇರೆ ಬೇರೆ ಹೇಳಿದರೆ ಯಾವುದು ಕಾಣಬೇಕು ಅನ್ನುವ ತೀರ್ಮಾನ ನಮ್ಮ ಕೈಲಿರುವುದಿಲ್ಲ.

ಎರಡನ್ನೂ ತಿದ್ದಿದರೂ ಗೂಗಲ್ ಮತ್ತೆ ಬಂದು ಪುಟ ಓದುವವರೆಗೆ ಹಳೆಯದೇ ಕಾಣುತ್ತದೆ. ತಾಣದವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ ಪರಿಶೀಲಿಸಿದರೆ ಅದು ಕೊನೆಯ ಸಲ ಬಂದ ಹೊತ್ತು, ಆಗ ಓದಿದ ಎಚ್‌ಟಿಎಂಎಲ್ ಎರಡೂ ಸಿಗುತ್ತವೆ. ಕಾಕಾ ನೋಡಿದ್ದು ಬೆಳಗಿನ ಭೇಟಿಯ ಪ್ರತಿಯೋ, ತಿದ್ದದೆ ಉಳಿದ ಡಬ್ಬಿಯೋ ಅನ್ನುವುದು ಅಲ್ಲಿ ಬಯಲಾಗುತ್ತದೆ. ವಾಟ್ಸ್ಆ್ಯಪ್ ಇನ್ನೂ ಕಠಿಣ. ಕಳಿಸಿದ ಕ್ಷಣದ ತಲೆಬರಹ ಆ ಸಂದೇಶದಲ್ಲಿ ಹಾಗೇ ನಿಂತುಬಿಡುತ್ತದೆ. ಶಿವಲೀಲಾ ಅಕ್ಕ ಹೇಳಿದ ‘ನಾಳೆ’ಯನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಈ ಕಾರಣಕ್ಕೆ ಬೇಗ ಹಳಸುವ ಅಂಕಿಯನ್ನು ನಾನು ತಲೆಬರಹಕ್ಕೆ ಬಿಡುವುದಿಲ್ಲ. ಕ್ಯುಸೆಕ್ ಲೆಕ್ಕ ಒಳಗಿನ ಟಿಪ್ಪಣಿಗೆ ಹೋಗಲಿ, ಪ್ರತಿ ಟಿಪ್ಪಣಿಗೂ ಅದರ ಹೊತ್ತು ಇರಲಿ. ತಲೆಬರಹದ ಮುಂಭಾಗ ದಿನವಿಡೀ ಅಲುಗಬಾರದು: ಯಾವ ಹೊಳೆ, ಯಾವ ಜಿಲ್ಲೆ. ನಡುವಿನ ತುಂಡು, ಘಟನೆ ಹೊರಳಿದಾಗ ಮಾತ್ರ ಬದಲಾಗಲಿ. ಗೇಟ್ ಎತ್ತಿದ್ದು, ಸೇತುವೆ ಮುಚ್ಚಿದ್ದು, ಸೇತುವೆ ತೆರೆದದ್ದು. ಇಡೀ ದಿನಕ್ಕೆ ಮೂರು ನಾಲ್ಕು ಸಲ, ಅಷ್ಟೇ. ನಿಮ್ಮ ದಿನವನ್ನೇ ಹಿಡಿದರೆ ಮಧ್ಯಾಹ್ನ ಎರಡಕ್ಕೆ ಮೊದಲ ಸಾಲು, ರಾತ್ರಿ ಮುಗಿದ ಮೇಲೆ ಎರಡನೆಯದು:

```html
<title>ಭೀಮಾ ಪ್ರವಾಹ, ಕಲಬುರಗಿ: ಸೇತುವೆ ಮೇಲೆ ಸಂಚಾರ ಸ್ಥಗಿತ (ಆ. 22, ಲೈವ್)</title>
<title>ಭೀಮಾ ಪ್ರವಾಹ, ಕಲಬುರಗಿ: ಆಗಸ್ಟ್ 22ರಂದು ನಡೆದದ್ದು</title>
```

`h1` ಅದನ್ನೇ ಹೇಳಲಿ, ಅಕ್ಷರಶಃ ಒಂದೇ ಆಗಬೇಕಿಲ್ಲ. ಪುಟದ ವಿಳಾಸ ಮಾತ್ರ ಬದಲಾಗಬಾರದು, ಹಾಗಾಗಿ ವಿಳಾಸದಲ್ಲೂ ‘1-lakh’ ಅಂತ ಇಡಬೇಡಿ.

ವೀರಭದ್ರಪ್ಪ ಸರ್, ನಾಮಪದದ ಮಾತು ನನಗೆ ಹೊಸದು, ಕಾಪಿ ಮಾಡಿಟ್ಟುಕೊಂಡೆ. ಆದರೆ ಪ್ರತಿ ಅಂಕಿಗೂ ಹೊಸ ಪುಟ ಅನ್ನುವುದನ್ನು ಒಪ್ಪಲಾರೆ. ಮುದ್ರಿತ ಪತ್ರಿಕೆಯಲ್ಲಿ ನಿನ್ನೆಯದು ರದ್ದಿಗೆ ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಒಂದೇ ಪ್ರವಾಹದ ಮೇಲೆ ಆರು ಪುಟ ಇದ್ದರೆ ಆರೂ ಒಟ್ಟಿಗೆ ಹುಡುಕಾಟದಲ್ಲಿ ನಿಲ್ಲುತ್ತವೆ. ‘ಸೇತುವೆ ಬಂದ್’ ಪುಟವನ್ನು ಜನ ಹೆಚ್ಚು ಹಂಚಿಕೊಂಡಿದ್ದರೆ, ‘ಸಂಚಾರ ಪುನರಾರಂಭ’ದ ಪುಟ ಅದರ ಕೆಳಗೇ ಉಳಿಯಬಹುದು. ನಾನೇ ಒಂದು ತಾಣಕ್ಕೆ ಹಾಗೆ ಮಾಡಿಕೊಟ್ಟು ಬೈಸಿಕೊಂಡಿದ್ದೇನೆ.

ವೀರಭದ್ರಪ್ಪ, ಸೇಡಂ

ರದ್ದಿ ಇಲ್ಲದ ಪತ್ರಿಕೆ ಅಂದರೆ ನನಗೆ ಭಯವೇ ಆಗುತ್ತದೆ. ಹೊಸ ಪುಟದ ಮಾತು ಹಿಂದಕ್ಕೆ ಪಡೆದೆ.

ಆದರೆ ನಾನು ಮೊದಲು ಹೇಳಿದ್ದರಲ್ಲೇ ಒಂದು ತೂತು ಈಗ ಕಾಣುತ್ತಿದೆ. ನಾಮಪದಕ್ಕೆ ಕಾಲವಿಲ್ಲ ಅಂದೆ. ಹಾಗಾದರೆ ‘ನೀರು ಬಿಡುಗಡೆ’ ಅಂದಾಗ ಬಿಟ್ಟಾಯಿತೋ, ಬಿಡಲಿದ್ದಾರೋ? ಹೊಳೆದಂಡೆಯ ರೈತನಿಗೆ ಈ ವ್ಯತ್ಯಾಸವೇ ಮುಖ್ಯ. ಪಂಪ್‌ಸೆಟ್ ಎತ್ತಿಡಲು ಹೊತ್ತು ಇದೆಯೋ ಇಲ್ಲವೋ ಅಂತ ಅವನು ನೋಡುತ್ತಾನೆ. ಆಗದ ಕೆಲಸಕ್ಕೆ ‘ಬಿಡುಗಡೆ ಸಾಧ್ಯತೆ’ ಅಥವಾ ‘ಬಿಡುಗಡೆಗೆ ಸಿದ್ಧತೆ’, ಆದದ್ದಕ್ಕೆ ಬರೀ ‘ಬಿಡುಗಡೆ’ ಅಂತ ಡೆಸ್ಕ್‌ನಲ್ಲಿ ಕಟ್ಟುನಿಟ್ಟು ಮಾಡಿಕೊಳ್ಳಬೇಕು. ಅಸ್ಲಂ ಬರೆದ ‘ಸ್ಥಗಿತ’ಕ್ಕೂ ಈ ಅನುಮಾನ ಇದ್ದೇ ಇದೆ, ಪಕ್ಕದ ತಾರೀಖು ಅದನ್ನು ಉಳಿಸಿದೆ. ‘ಬಂದ್’ ಹಾಕದೆ ‘ಸ್ಥಗಿತ’ ಹಾಕಿದ್ದು ಒಳ್ಳೆಯದಾಯಿತು. ‘ಕಲಬುರಗಿ ಬಂದ್’ ಅಂತ ಕಂಡರೆ ಜನ ಮೊದಲು ಅಂಗಡಿ ಬಾಗಿಲು ನೋಡುತ್ತಾರೆ.

‘ಲೈವ್’ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಅಸ್ಲಂ, ಬೀದರ್

ಸರ್, ‘ತಾಸು ತಾಸಿನ ವರದಿ’ ಚೆಂದ ಇದೆ, ಆದರೆ ಮೈಸೂರಿನವರು ‘ತಾಸು’ ಅಂತ ಹುಡುಕುವುದಿಲ್ಲ. ಮೇಲಾಗಿ ಅದು ತಾಸಿಗೊಮ್ಮೆ ಬರೆಯುತ್ತೇವೆ ಅಂತ ಕೊಟ್ಟ ಮಾತಾಗುತ್ತದೆ. ಮೂರು ತಾಸು ಏನೂ ಆಗದಿದ್ದರೆ? ‘ನೇರಪ್ರಸಾರ’ ಓದಿ ಬಂದವರು ವಿಡಿಯೊ ಹುಡುಕಿ ವಾಪಸ್ ಹೋಗುತ್ತಾರೆ. ‘ಲೈವ್’ಗೂ ಅದೇ ಕಾಟ ಸ್ವಲ್ಪ ಇದೆ, ಒಪ್ಪುತ್ತೇನೆ. ಆದರೆ ಯಾವ ಪದ ಇಟ್ಟರೂ ರಾತ್ರಿ ತೆಗೆಯುವುದು ಮರೆಯಬಾರದು. ಇದು ಲೈವ್ ಪುಟ ಅಂತ ಗೂಗಲ್‌ಗೆ ಹೇಳುವ ಒಳಗಿನ `LiveBlogPosting` ಗುರುತಿನಲ್ಲಿ ಮುಗಿದ ಹೊತ್ತು, ಅಂದರೆ `coverageEndTime`, ತುಂಬುವುದೂ ಆಗಲೇ. ಹೋದ ವರ್ಷದ ಪ್ರವಾಹ ಇನ್ನೂ ‘ಲೈವ್’ ಆಗಿರುವ ಪುಟಗಳು ಬೇಕಾದಷ್ಟಿವೆ.

ಭಾಗ್ಯಶ್ರೀ, ಕಲಬುರಗಿ

ಅಸ್ಲಂ ಅವರೇ, ನೀವು ಹೇಳಿದ್ದೇ ಆಗಿತ್ತು. ಎಸ್‌ಇಒ ಡಬ್ಬಿಯಲ್ಲಿ ಬೆಳಗಿನ ಸಾಲು ಇವತ್ತಿಗೂ ಕೂತಿದೆ, ಯಾರೂ ಮುಟ್ಟಿಲ್ಲ. ಈಗ ತಿದ್ದಿದೆ. ‘ನಾಳೆ’, ‘ಇಂದು’, ‘ಇದೀಗ’ ಮೂರನ್ನೂ ತಲೆಬರಹದಿಂದ ದೂರ ಇಟ್ಟು ತಾರೀಖೇ ಬರೆಯುವುದು ಅಂತ ನಮ್ಮ ಡೆಸ್ಕ್‌ನಲ್ಲಿ ಠರಾಯಿಸಿದ್ದೇವೆ. ರಜೆಯ ಸುದ್ದಿಗೆ ವಾರವೂ ಸೇರಿಸುತ್ತೇವೆ, ‘ಶುಕ್ರವಾರ, ಆ. 23’ ಅಂತ, ಶಿವಲೀಲಾ ಅಕ್ಕನವರ ಏಳು ಮಕ್ಕಳಿಗಾಗಿ.

ಒಂದು ಉಳಿಯಿತು. ಭೀಮೆ ಒಂದೇ ದಿನಕ್ಕೆ ಇಳಿಯುವುದಿಲ್ಲ, ಮೂರು ನಾಲ್ಕು ದಿನ ಇರುತ್ತದೆ. ದಿನಕ್ಕೊಂದು ಪುಟವೋ, ನಾಲ್ಕು ದಿನಕ್ಕೂ ಒಂದೇ ಪುಟವೋ? ಒಂದೇ ಆದರೆ ತಾರೀಖು ದಿನಾ ಬದಲಿಸಬೇಕು, ಮೊನ್ನೆಯ ಟಿಪ್ಪಣಿ ಮೇಲೆ ಇವತ್ತಿನ ತಾರೀಖು ಕೂರುತ್ತದೆ.

ಅಸ್ಲಂ, ಬೀದರ್

ನಾನು ದಿನಕ್ಕೊಂದು ಪುಟ ಮಾಡಿ, ಹಳೆಯದರ ನೆತ್ತಿಯಲ್ಲಿ ‘ಆ. 23ರ ಮಾಹಿತಿ ಇಲ್ಲಿದೆ’ ಅಂತ ಲಿಂಕ್ ಹಾಕುತ್ತೇನೆ. ಆದರೂ ಜನ ಮೊದಲ ದಿನದ ಪುಟಕ್ಕೇ ಬಂದು ಬೀಳುತ್ತಾರೆ. ಬೇರೆ ರೀತಿ ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ.

ಬಸವರಾಜ, ಆಳಂದ

ಈಗ ಪ್ರಶ್ನೆ ತಿಳಿಯಿತು. ‘ಸದ್ಯಕ್ಕೆ’ ಅನ್ನಬಹುದೇ?

ವೀರಭದ್ರಪ್ಪ, ಸೇಡಂ

ಯಾವ ಸದ್ಯಕ್ಕೆ, ಬಸವರಾಜ ಅವರೇ?