ಬೇಸಿಸ್‌ಗಳಲ್ಲಿ ಒಂದೂ ಹೊಂದಲ್ಲ, ಆದರೂ ಡೈರೆಕ್ಟ್ ಸಮ್ ಅಲ್ವಂತೆ!

ಶಿರಾಗೇಟ್ ಹುಡುಗ, ತುಮಕೂರು: R⁴ನಲ್ಲಿ U ನ ಬೇಸಿಸ್ (1,1,0,0), (0,1,1,0). W ನ ಬೇಸಿಸ್ (1,2,1,0), (0,0,0,1). ಎರಡರಲ್ಲೂ ಇರುವ ವೆಕ್ಟರ್ ಒಂದೂ ಕಾಣಲಿಲ್ಲ. ಡೈರೆಕ್ಟ್ ಸಮ್, ಡೈಮೆನ್ಷನ್ 4 ಅಂತ ಬರೆದೆ. ಸೊನ್ನೆ ಬಂತು. ನಿಮಗೂ ಹೀಗಾಗಿತ್ತಾ? ಹೇಗೆ ಸರಿ ಮಾಡಿಕೊಂಡಿರಿ?

ಚಿಂತಾಮಣಿ ಅಕ್ಕ: ನನಗೂ ಮಾರ್ಕ್ಸ್ ಹೋಗಿತ್ತು ಕಣಪ್ಪ. U+W ಅಂದರೆ ಯೂನಿಯನ್ ಅಂದುಕೊಂಡಿದ್ದೆ. x ಅಕ್ಷ, y ಅಕ್ಷ ತಗೊಂಡರೆ (1,1) ಎರಡರ ಮೇಲೂ ಇಲ್ಲ, ಆದರೆ ಮೊತ್ತದಲ್ಲಿದೆ. ನಿಂದೂ ಅದೇ ತಪ್ಪಿರಬೇಕು.

ಕೋಲಾರದ ಮೇಷ್ಟ್ರು: ಅಲ್ಲಮ್ಮ, ಅವನ ತಪ್ಪು ಬೇರೆ. ಅವನು ಬೇಸಿಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾನೆ, ಸಬ್‌ಸ್ಪೇಸ್‌ಗಳನ್ನಲ್ಲ. ತಮ್ಮಾ, U ನ ಎರಡು ವೆಕ್ಟರ್ ಕೂಡಿಸಿ ನೋಡು. (1,2,1,0) ಬರುತ್ತೆ. ಅದು W ನಲ್ಲಿ ಕೂತಿದೆ! ಬೇಸಿಸ್ ನಾವು ಆರಿಸಿಕೊಳ್ಳೋದು, ಬೇರೆ ಆರಿಸಿದ್ದರೆ ಇದು U ನ ಬೇಸಿಸ್‌ನಲ್ಲೇ ಇರುತ್ತಿತ್ತು.

ಪ್ರತಿ ಸಲ ಹೀಗೆ ಕಣ್ಣಿಗೆ ಬೀಳಲ್ಲ. ಅದಕ್ಕೆ ನಾಲ್ಕನ್ನೂ ಸಾಲುಗಳಾಗಿ ಬರೆದು ರೋ ರಿಡಕ್ಷನ್ ಮಾಡು. ಮೂರನೇ ಸಾಲಿನಿಂದ ಮೊದಲನೆಯದನ್ನು ಕಳೆದರೆ (0,1,1,0), ಅದರಿಂದ ಎರಡನೆಯದನ್ನು ಕಳೆದರೆ ಸೊನ್ನೆ ಸಾಲು. ರ‍್ಯಾಂಕ್ 3. ಅದೇ U+W ನ ಡೈಮೆನ್ಷನ್. ಆಮೇಲೆ ಸೂತ್ರವನ್ನು ತಿರುಗಿಸಿ ಹಾಕು:

dim(U∩W) = dim U + dim W − dim(U+W) = 2 + 2 − 3 = 1

ಒಂದು ಗೆರೆ ಎರಡಕ್ಕೂ ಸೇರಿದ್ದು. ಅದನ್ನು ಎರಡು ಸಲ ಎಣಿಸಿದ್ದಕ್ಕೆ ನಿನಗೆ 4 ಬಂತು.

ಪಾವಗಡ ಇಂಜಿನಿಯರ್: ಇದು ಪಿಯುಸಿಯ ಗಣದ ಸೂತ್ರವೇ, ಸುಮ್ನೆ ಭಯಪಡಿಸ್ತಾರೆ. ಮೂರು ಸಬ್‌ಸ್ಪೇಸ್ ಇದ್ದರೂ ಹಾಗೇ ಕೂಡಿ ಕಳೆದು ಕೂಡಿದರೆ ಆಯ್ತು.

ಕೋಲಾರದ ಮೇಷ್ಟ್ರು: ಎರಡಕ್ಕೆ ಸರಿ, ಮೂರಕ್ಕೆ ಮುಗ್ಗರಿಸುತ್ತೆ. ಹಾಳೆಯ ಮೇಲೆ x ಅಕ್ಷ, y ಅಕ್ಷ, y = x ಗೆರೆ ಎಳೀರಿ. ಯಾವ ಎರಡು ತಗೊಂಡರೂ ಸೊನ್ನೆಯಲ್ಲಿ ಮಾತ್ರ ಸೇರುತ್ತವೆ. ನಿಮ್ಮ ಲೆಕ್ಕದಲ್ಲಿ 3 ಬರುತ್ತೆ. ಹಾಳೆಯ ಡೈಮೆನ್ಷನ್ 2 ಅಲ್ವಾ? ಡೈರೆಕ್ಟ್ ಸಮ್‌ಗೂ ಇದೇ ಗತಿ. ಮೂರಿದ್ದಾಗ ಎರಡೆರಡನ್ನು ನೋಡಿದರೆ ಸಾಲದು, ಪ್ರತಿಯೊಂದೂ ಉಳಿದೆರಡರ ಮೊತ್ತದ ಜೊತೆ ಸೊನ್ನೆಯಲ್ಲಿ ಮಾತ್ರ ಸೇರಬೇಕು.

ಪಾವಗಡ ಇಂಜಿನಿಯರ್: ಗೆರೆ ಎಳೆದು ನೋಡಿದೆ, ಸೋತೆ ಸಾರ್. ಆದರೆ ಮೂರೂ ಅಕ್ಷಗಳಿಗೆ ನನ್ನ ಸೂತ್ರ ಸರಿ ಬರುತ್ತಲ್ಲ? ಯಾವಾಗ ಬರುತ್ತೆ ಅಂತ ಮೊದಲೇ ಹೇಳೋಕೆ ಸುಲಭದ ದಾರಿ ಇದೆಯಾ?

ಶಿರಾಗೇಟ್ ಹುಡುಗ, ತುಮಕೂರು: ಸರ್, W ನಲ್ಲಿ (1,2,1,0) ತೆಗೆದು (1,2,2,0) ಹಾಕಿ ಮತ್ತೆ ಮಾಡಿದೆ. ಮೂರನೇ ಸಾಲು (0,0,1,0) ಆಗಿ ನಿಂತಿತು, ರ‍್ಯಾಂಕ್ 4. ಈಗ ಡೈರೆಕ್ಟ್ ಸಮ್ ತಾನೇ? ಒಂದೇ ಅಂಕಿ ಬದಲಾಗಿದ್ದು!