ನೀಲಿ ಟಿಕ್, ಬ್ಯಾನ್ ಎಚ್ಚರಿಕೆ: ಅಕೌಂಟ್ ಸುರಕ್ಷತೆ ಪ್ರಶ್ನೋತ್ತರ

ಸುಮಾ: ಮೇಡಂ, ಫೇಸ್‌ಬುಕ್ ಪೇಜಿಗೆ ನೀಲಿ ಟಿಕ್ ಉಚಿತ ಅಂತ ಮೆಸೇಜ್ ಬಂತು. ಪಾಸ್‌ವರ್ಡ್ ಕೇಳಲಿಲ್ಲ. ವಿಡಿಯೋ ನೋಡಿಕೊಂಡು ಕಂಪ್ಯೂಟರ್ ಬ್ರೌಸರ್‌ನಿಂದ c_user, xs ಅನ್ನುವ ಎರಡನ್ನು ಕಾಪಿ ಮಾಡಿ ಫಾರಂಗೆ ಹಾಕಿದೆ. 24 ಗಂಟೆ ಲಾಗ್ ಔಟ್ ಆಗಬೇಡಿ ಅಂದಿದ್ದಾರೆ. ಓಟಿಪಿ ಆನ್ ಇದೆ, ಭಯ ಇಲ್ಲ ಅಲ್ವಾ?

ವಿದ್ಯಾ (ಸೈಬರ್ ಸುರಕ್ಷತೆ): ಇದನ್ನು ಓದುತ್ತಲೇ ಆ ಬ್ರೌಸರ್‌ನಲ್ಲಿ ಲಾಗ್ ಔಟ್ ಆಗಿ. ಉಳಿದದ್ದು ಆಮೇಲೆ.

c_user ನಿಮ್ಮ ಅಕೌಂಟ್ ನಂಬರ್ ಅಷ್ಟೇ, ಗುಟ್ಟೇನಲ್ಲ. ಗುಟ್ಟು ಇರುವುದು xs ಕುಕಿಯಲ್ಲಿ. ನೀವು ಪಾಸ್‌ವರ್ಡ್, ಓಟಿಪಿ ಎರಡನ್ನೂ ಕೊಟ್ಟು ಒಳಗೆ ಬಂದಿದ್ದೀರಿ ಅನ್ನುವುದಕ್ಕೆ ಅದೇ ಗುರುತು. ಅದನ್ನು ಕಳ್ಳ ತನ್ನ ಬ್ರೌಸರ್‌ಗೆ ಹಾಕಿಕೊಂಡರೆ ಫೇಸ್‌ಬುಕ್ ಅವನನ್ನೇ ನೀವು ಅಂದುಕೊಳ್ಳುತ್ತದೆ. ಓಟಿಪಿ ಕೇಳುವ ಹಂತವೇ ಬರುವುದಿಲ್ಲ. ನೀವು ಲಾಗ್ ಔಟ್ ಆದರೆ ಆ ಗುರುತು ಸತ್ತುಹೋಗುತ್ತದೆ. ಬೇಡ ಅಂದಿದ್ದು ಅದಕ್ಕೇ.

ಈಗ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಬೇರೆ ಡಿವೈಸ್‌ಗಳಿಂದ ಲಾಗ್ ಔಟ್ ಮಾಡಬೇಕಾ ಅಂತ ಕೇಳಿದರೆ ಹೌದು ಅನ್ನಿ. ಇಲ್ಲಿ ಬೇಡ ಅಂದರೆ ಪಾಸ್‌ವರ್ಡ್ ಬದಲಾದರೂ ಕಳ್ಳ ಒಳಗೇ ಕೂತಿರಬಹುದು. ಆಮೇಲೆ ಹೊಸ ಇಮೇಲ್, ಫೋನ್ ನಂಬರ್ ಸೇರಿದೆಯಾ ನೋಡಿ. ಪೇಜಿನ ಅಡ್ಮಿನ್ ಪಟ್ಟಿಯನ್ನೂ ನೋಡಿ, ಅವರಿಗೆ ಬೇಕಿರುವುದು ಜಾಸ್ತಿ ಪೇಜೇ.

ರಘು: ಇಷ್ಟೆಲ್ಲ ಯಾಕೆ? ಬ್ರೌಸರ್ ಹಿಸ್ಟರಿ, ಕುಕಿ ಕ್ಲಿಯರ್ ಮಾಡಿದರೆ ಮುಗೀತು. ನಮ್ಮ ಗ್ರೂಪಿನಲ್ಲಿ ಫಾರ್ವರ್ಡ್ ಬಂದಿತ್ತು.

ವಿದ್ಯಾ: ಮುಗಿಯುವುದಿಲ್ಲ ರಘು ಅವರೇ. ಅಳಿಸುವುದು ನಿಮ್ಮ ಹತ್ತಿರ ಇರುವ ಪ್ರತಿ, ಕಳ್ಳನ ಪ್ರತಿ ಹಾಗೇ ಇರುತ್ತದೆ. ದಯವಿಟ್ಟು ಆ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಇಮ್ರಾನ್: ನನಗೆ ಇನ್‌ಸ್ಟಾದಲ್ಲಿ ಡಿಎಂ ಬಂತು, ಕಾಪಿರೈಟ್ ತಪ್ಪು, 24 ಗಂಟೆಯಲ್ಲಿ ಬ್ಯಾನ್ ಅಂತ. ಅಪೀಲ್ ಫಾರಂನಲ್ಲಿ 8 ಅಂಕಿಯ ಬ್ಯಾಕಪ್ ಕೋಡ್ ಕೇಳುತ್ತಿದೆ. ಕೊಡಲಾ?

ವಿದ್ಯಾ: ಬೇಡ. ಅದು ಓಟಿಪಿ ಬದಲಿಗೆ ನಡೆಯುವ ಕೋಡ್. ನಿಜವಾದ ತಕರಾರಾದರೆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ Account Status ಒಳಗೆ ಕಾಣುತ್ತದೆ.

ಗೀತಾ: ನನಗೂ ಅದೇ ಬ್ಯಾನ್ ಮೆಸೇಜ್ ಬಂದಿದೆ, ಏನು ಮಾಡಲಿ?

ವಿದ್ಯಾ: ಮೇಲೆ ಓದಿ.

ಮಂಜು: ಟಿಕ್ ಹುಚ್ಚು ಇರುವವರಿಗೆ ಹೀಗೇ ಆಗಬೇಕು.

ಇಮ್ರಾನ್: ನಾನು ಟಿಕ್ ಕೇಳಿದ್ದೆನಾ ಮಂಜಣ್ಣ? ಸುಮ್ನೆ ಇರಿ.

ಮಂಜು: ನಿಮಗೆ ಹೇಳಿದ್ದಲ್ಲ. ಅರ್ಥ ಆಗದಿದ್ದರೆ ಬಿಡಿ.

ರಘು: ಆದರೂ ಕುಕಿ ಕ್ಲಿಯರ್ ಮಾಡಿದರೆ ನಾವೇ ಲಾಗ್ ಔಟ್ ಆಗ್ತೀವಲ್ಲ? ಎರಡೂ ಒಂದೇ.

ವಿದ್ಯಾ: ಒಂದೇ ಅಲ್ಲ. Log out ಒತ್ತಿದರೆ ಫೇಸ್‌ಬುಕ್ಕಿಗೆ ತಿಳಿಯುತ್ತದೆ. ಕುಕಿ ಅಳಿಸಿದರೆ ತಿಳಿಯುವುದೇ ಇಲ್ಲ. ಮೂರನೇ ಸಲ ಹೇಳುವುದಿಲ್ಲ.

ಲೋಕೇಶ್: ನನ್ನ ಅಕೌಂಟಿನ ಇಮೇಲ್ ಹೋದ ತಿಂಗಳೇ ಬದಲಾಗಿದೆ, ಯಾರಾದರೂ ಹೇಳಿ.

ಸುಮಾ: ಮೇಡಂ, ಲಾಗ್ ಔಟ್, ಪಾಸ್‌ವರ್ಡ್ ಎಲ್ಲ ಆಯಿತು. ಪೇಜಿನಲ್ಲಿ ಗೊತ್ತಿಲ್ಲದ ಒಂದು ಹೆಸರಿದೆ. ಅಡ್ಮಿನ್ ಪಟ್ಟಿಯಲ್ಲಿ ನಾನೇ ಇಲ್ಲ.

ವಿದ್ಯಾ: ಅಂದರೆ ನಿಮ್ಮನ್ನು ತೆಗೆದಿದ್ದಾರೆ. ಆ ಹೆಸರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. facebook.com/hacked ಅಂತ ನೀವೇ ಟೈಪ್ ಮಾಡಿ ದೂರು ಕೊಡಿ. ಪೇಜ್ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ.

ರಘು: ವಾಪಸ್ ಕೊಡಿಸುವವರ ನಂಬರ್ ನನ್ನ ಹತ್ತಿರ ಇದೆ, ಕಳಿಸಲಾ?

ವಿದ್ಯಾ: ಅಡ್ಮಿನ್, ಇವರನ್ನು ಸ್ವಲ್ಪ ನೋಡಿಕೊಳ್ಳಿ.