ಬೋರ್ಡಿನಿಂದ ಮೀನಿನ ವಾಸನೆ ಬರ್ತಿದೆ

ಮಡಿಕೇರಿ ಸದಸ್ಯೆ: ಅಣ್ಣ, ಕಂಪ್ಯೂಟರ್, ಮಾನಿಟರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದೇನೆ. ಮಳೆ ಶುರುವಾದ ಮೇಲೆ ರೂಮ್ ಹೀಟರನ್ನೂ ಅದಕ್ಕೇ ಹಾಕಿದೆ. ಎರಡು ದಿನದಿಂದ ಮೀನಿನ ವಾಸನೆ. ಮನೆಯಲ್ಲಿ ಮೀನೇ ತಂದಿಲ್ಲ. ಎಂಸಿಬಿ ಬಿದ್ದಿಲ್ಲ.

ಎಲೆಕ್ಟ್ರಿಷಿಯನ್: ಈಗಲೇ ಎಂಸಿಬಿ ಇಳಿಸಿ. ತಣ್ಣಗಾದ ಮೇಲೆ ಹೀಟರ್ ಪ್ಲಗ್ ಕಿತ್ತು ಪಿನ್ ನೋಡಿ. ಹೀಟರ್ ಎಷ್ಟು ವ್ಯಾಟ್?

ಮಡಿಕೇರಿ ಸದಸ್ಯೆ: 2000. ದಪ್ಪ ಪಿನ್ ಇತ್ತು, ಕನ್ವರ್ಟರ್ ಹಾಕಿದೆ. ಒಂದು ಪಿನ್ ಮಾತ್ರ ಕಪ್ಪಾಗಿದೆ. ತೂತಿನ ಸುತ್ತ ಕಂದು ಬಣ್ಣ.

ವಿರಾಜಪೇಟೆ ಸದಸ್ಯ: ಎಂಸಿಬಿ ಕೆಟ್ಟಿದೆ, ಬದಲಿಸಿ.

ಎಲೆಕ್ಟ್ರಿಷಿಯನ್: ಕೆಟ್ಟಿಲ್ಲ. 230 ವೋಲ್ಟಿಗೆ ಆ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಕಂಪ್ಯೂಟರ್ ಸೇರಿದರೂ ಹತ್ತರ ಆಸುಪಾಸು. 16ರ ಎಂಸಿಬಿಗೆ ಅದು ಮಾಮೂಲಿ ಲೋಡ್. ಸಣ್ಣ ಪಿನ್ನಿನ ಬೋರ್ಡ್ ಇರುವುದು 6 ಆಂಪಿಯರಿಗೆ. ಕನ್ವರ್ಟರ್ ಪಿನ್ನಿನ ಅಳತೆ ಬದಲಿಸುತ್ತದೆ, ಬೋರ್ಡಿನ ತಾಕತ್ತನ್ನಲ್ಲ.

ಒಂದೇ ಪಿನ್ ಕಪ್ಪಾಗಿದೆ ಅಂದರೆ ಅಲ್ಲಿ ಒಳಗಿನ ಹಿತ್ತಾಳೆ ಹಿಡಿತ ಸಡಿಲ. ಆ ಜಾಗದಲ್ಲಿ ಬರೀ 0.2 ಓಮ್ ತಡೆ ಇದ್ದರೂ ಹೀಟರ್ ಓಡುವಾಗ 15 ವ್ಯಾಟ್ ಶಾಖ. ಕಾಳಿನಷ್ಟು ಜಾಗದಲ್ಲಿ ಸಣ್ಣ ಸೋಲ್ಡರಿಂಗ್ ಐರನ್ ಇಟ್ಟಂತೆ. ಬಿಸಿಗೆ ಹಿಡಿತ ಇನ್ನೂ ಸಡಿಲವಾಗುತ್ತದೆ, ಬಿಸಿ ಇನ್ನೂ ಏರುತ್ತದೆ. ಮೀನಿನ ವಾಸನೆ ಪ್ಲಾಸ್ಟಿಕ್ ಬೇಯುವುದು. ಅದೇ ತೂತಿಗೆ ಕಂಪ್ಯೂಟರ್ ಮಾತ್ರ ಹಾಕಿದ್ದರೆ ಒಂದು ವ್ಯಾಟೂ ಆಗುತ್ತಿರಲಿಲ್ಲ, ವರ್ಷಗಟ್ಟಲೆ ಗೊತ್ತೇ ಆಗುತ್ತಿರಲಿಲ್ಲ.

ವೈರ್ ಉದ್ದಕ್ಕೂ ಒಂದೇ ಸಮ ಬೆಚ್ಚಗಿದ್ದರೆ ತಪ್ಪು ಬೇರೆ: ವೈರ್ ಸಣ್ಣದು, ಇಲ್ಲವೇ ಸುರುಳಿ ಸುತ್ತಿಟ್ಟಿದ್ದೀರಿ. ನಿಮ್ಮದು ಹಾಗಲ್ಲ. ಬೋರ್ಡ್, ಕನ್ವರ್ಟರ್ ಎರಡನ್ನೂ ಎಸೆಯಿರಿ. ಹೀಟರ್ ನೇರ ಗೋಡೆಯ 16ರ ಸಾಕೆಟ್ಟಿಗೆ.

ಸೋಮವಾರಪೇಟೆ ಸದಸ್ಯ: ಪಿನ್ನಿಗೆ ಕೊಬ್ಬರಿ ಎಣ್ಣೆ ಸವರಿದರೆ ಸರಿಯಾಗುತ್ತೆ ಅಂತ ಫಾರ್ವರ್ಡ್ ಬಂದಿತ್ತು.

ಎಲೆಕ್ಟ್ರಿಷಿಯನ್: ಎಣ್ಣೆ ತಲೆಗೆ ಹಚ್ಚಿ. ಬಿಸಿ ಪಿನ್ನಿಗೆ ಹಚ್ಚಿದರೆ ಹೊತ್ತಿಕೊಳ್ಳಬಹುದು.

ವಿರಾಜಪೇಟೆ ಸದಸ್ಯ: ಸೀಳು ಪಿನ್ನನ್ನು ಚಾಕುವಿನಿಂದ ಅಗಲ ಮಾಡಿದರೆ ಬಿಗಿಯಾಗುತ್ತೆ. ನಮ್ಮಪ್ಪ ಹಾಗೇ ಮಾಡ್ತಿದ್ದರು.

ಎಲೆಕ್ಟ್ರಿಷಿಯನ್: ಆ ಹಳೇ ಪಿನ್ನಿಗೆ ಸ್ವಲ್ಪ ದಿನ ನಡೆಯುತ್ತದೆ. ಬೆಂದು ಸತ್ತ ಸಾಕೆಟ್ಟಿಗೆ ನಡೆಯುವುದಿಲ್ಲ.

ಕುಶಾಲನಗರ ಸದಸ್ಯೆ: ಎಕ್ಸ್‌ಟೆನ್ಶನ್ ಬೇಕೇ ಬೇಕು ಅಂದರೆ ಯಾವ ವೈರ್?

ಎಲೆಕ್ಟ್ರಿಷಿಯನ್: ಹೀಟರಿಗೆ 1.5 ಸ್ಕ್ವೇರ್ ಎಂಎಂ ತಾಮ್ರ, ಮೂರು ಎಳೆ, ಗಿಡ್ಡದು, 16ರ ಪ್ಲಗ್. ಬರೀ ಕಂಪ್ಯೂಟರಿಗೆ 0.75 ಸಾಕು. ಅಳತೆ ವೈರ್ ಮೇಲೇ ಅಚ್ಚಾಗಿರುತ್ತದೆ.

ಗೋಣಿಕೊಪ್ಪ ಸದಸ್ಯ: ಹೀಟರಿಗೆ ಯಾವ ವೈರ್ ಸರ್?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ನಾಪೋಕ್ಲು ಸದಸ್ಯೆ: ನನ್ನ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತೆ, ಯಾಕೆ?

ವಿರಾಜಪೇಟೆ ಸದಸ್ಯ: ನಮ್ಮಪ್ಪನ ಕಾಲದಲ್ಲಿ ಏನೂ ಸುಟ್ಟಿಲ್ಲ.

ಸೋಮವಾರಪೇಟೆ ಸದಸ್ಯ: ಆಗ ನಿಮ್ಮನೇಲಿ ಹೀಟರೂ ಇರಲಿಲ್ಲ, ಅಲ್ವಾ?

ವಿರಾಜಪೇಟೆ ಸದಸ್ಯ: ಎಣ್ಣೆ ಹಚ್ಚೋರು ಮಾತಾಡ್ಬೇಡಿ.

ಮಡಿಕೇರಿ ಸದಸ್ಯೆ: ಅಣ್ಣ, ಈ ಕೋಣೆಯಲ್ಲಿ 16ರ ಸಾಕೆಟ್ಟೇ ಇಲ್ಲ. ಬೋರ್ಡ್ ಸಿಕ್ಕಿಸಿದ್ದ ಗೋಡೆ ಸಾಕೆಟ್ಟೂ ಕಂದಾಗಿದೆ.

ಎಲೆಕ್ಟ್ರಿಷಿಯನ್: ಹಾಗಾದರೆ ಅದನ್ನೂ ಬಳಸಬೇಡಿ. ತಿರುಪು ನೀವೇ ಬಿಚ್ಚಬೇಡಿ, ಹಿಂದಿನ ವೈರ್ ಬೆಂದಿದೆಯಾ ಅಂತ ಬಂದು ನೋಡ್ಬೇಕು. ಅಲ್ಲಿವರೆಗೆ ಕಂಬಳಿ ಹೊದ್ದು ಕೆಲಸ ಮಾಡಿ.